ಮೂವತ್ತೆಂಟೋ, ಹದಿನೆಂಟೋ?

ಕಡೂರಿನ ಹತ್ತಿರ ನೆಂಟರ ಮನೆಯ ಗೃಹಪ್ರವೇಶ. ಭಾನುವಾರ ಮಧ್ಯಾಹ್ನ ಊಟ ಮುಗಿಸಿಕೊಂಡು ಸಂಜೆಗೆಲ್ಲ ತಿಪಟೂರಿಗೆ ವಾಪಸು ಬಂದಿದ್ದೆವು. ರಾತ್ರಿ ಹನ್ನೊಂದರ ಹೊತ್ತಿಗೆ ಅಮ್ಮನಿಗೆ ವಾಂತಿ ಶುರುವಾಯಿತು. ಬೆಳಗಿನ ಜಾವಕ್ಕೆ ಬೇಧಿಯೂ ಸೇರಿಕೊಂಡಿತು. ಅದೇ ಪಂಕ್ತಿಯಲ್ಲಿ ಕೂತು ಅದೇ ಊಟ ಮಾಡಿದ ನನಗೆ ಏನೂ ಆಗಲಿಲ್ಲ. ಸೋಮವಾರ ಪೂರ್ತಿ ಹತ್ತು ಹನ್ನೆರಡು ಸಲ ಹೋಗಿರಬೇಕು. ಅಮ್ಮ ಲೆಕ್ಕ ಕೊಡುವವಳಲ್ಲ. ‘ಎಲ್ಲ ಹೊರಗೆ ಹೋದ್ಮೇಲೆ ತಾನೇ ನಿಲ್ತದೆ ಸುಮ್ನಿರೋ’ ಅಂದಳು.

ಆ ಎರಡು ದಿನ ನಾನು ಮಾಡಿದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಅಮ್ಮನಿಗೆ 66 ವರ್ಷ, 52 ಕೆ.ಜಿ. ಶುಗರ್ ಇಲ್ಲ, ಬಿ.ಪಿ. ಇದೆ. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಮಾತ್ರೆ, ಟೆಲ್ಮಿಸಾರ್ಟಾನ್ ಜೊತೆಗೆ ಹೈಡ್ರೋಕ್ಲೋರೋಥಯಾಜೈಡ್ ಸೇರಿರುವುದು. ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಬಾರದು ಎಂದು ಯಾರೋ ಎಂದೋ ಹೇಳಿದ್ದನ್ನು ಶಿಸ್ತಿನಿಂದ ಪಾಲಿಸಿಕೊಂಡು ಬಂದವನು ನಾನು. ಸೋಮವಾರವೂ ಕೊಟ್ಟೆ, ಮಂಗಳವಾರವೂ ಕೊಟ್ಟೆ. ಮೈಕೈ ನೋವು ಅಂದಳೆಂದು ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್ ತಂದು ಎರಡು ಹೊತ್ತು ನುಂಗಿಸಿದೆ. ಓ.ಆರ್.ಎಸ್. ಪೊಟ್ಟಣವನ್ನೂ ತಂದಿದ್ದೆ. ಒಂದು ಪೊಟ್ಟಣ ಒಂದು ಲೀಟರ್ ನೀರಿಗೆ ಎಂದು ಅದರ ಮೇಲೇ ಬರೆದಿತ್ತು. ಅಮ್ಮ ಮಾತ್ರ ಲೋಟಕ್ಕೆ ಒಂದು ಚಮಚ ಹಾಕಿಕೊಂಡು, ಉಪ್ಪುಪ್ಪು ಅಂತ ಅರ್ಧ ಚೆಲ್ಲಿ, ಗಂಜಿಯ ತಿಳಿ ಕುಡಿದುಕೊಂಡು ಎರಡು ದಿನ ಕಳೆದಳು.

ಮಂಗಳವಾರ ಸಂಜೆ ಬಚ್ಚಲಿನಿಂದ ಬರುವಾಗ ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕೂತಳು. ಒಂದಕ್ಕೆ ಯಾವಾಗ ಹೋಗಿದ್ದೆ ಎಂದು ಕೇಳಿದರೆ, ‘ಬೆಳಿಗ್ಗೆ ಒಂದ್ಸಲ, ಚೂರು’ ಎಂದಳು. ಆಟೋದಲ್ಲಿ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ನಾಡಿ 116, ಬಿ.ಪಿ. 92/60, ನಾಲಿಗೆ ಒಣಗಿದ ಕೊಬ್ಬರಿಯ ಹಾಗೆ. ರಕ್ತ ತೆಗೆದುಕೊಂಡು ಡ್ರಿಪ್ ಹಾಕಿದರು.

ಎಂಟು ಗಂಟೆಗೆ ರಿಪೋರ್ಟ್ ಬಂತು. ಬ್ಲಡ್ ಯೂರಿಯಾ 98. ಸೀರಮ್ ಕ್ರಿಯಾಟಿನಿನ್ 2.6. ಎರಡರ ಪಕ್ಕದಲ್ಲೂ ದಪ್ಪಕ್ಷರದ ಎಚ್. ಪೊಟ್ಯಾಸಿಯಂ 5.2, ಹಿಮೋಗ್ಲೋಬಿನ್ 13.4. ನಮ್ಮ ಭಾವ ಅದನ್ನು ಕೈಗೆ ತೆಗೆದುಕೊಂಡವರೇ, ‘ಕ್ರಿಯಾಟಿನಿನ್ ಎರಡು ದಾಟಿದೆ ಅಂದ್ರೆ ಕಿಡ್ನಿ ಹೋಯ್ತು ಕಣಪ್ಪ. ರಾತ್ರೀನೇ ಬೆಂಗ್ಳೂರಿಗೆ ಹೊರಡು’ ಎಂದರು. ಅವರ ಸ್ನೇಹಿತರೊಬ್ಬರು ಡಯಾಲಿಸಿಸ್‌ನಲ್ಲಿ ಇದ್ದಾರೆ. ಆ ಸಂಖ್ಯೆ ಅವರಿಗೆ ಅಲ್ಲಿಂದ ಪರಿಚಯ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಹೆದರಿಕೆಯಾದಾಗ ಲೆಕ್ಕ ಮಾಡುತ್ತೇನೆ. ವೆರಾಂಡದ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಹುಡುಕಿದೆ. ಒಂದಲ್ಲ, ನಾಲ್ಕು ಕಡೆ ಒಂದೇ ಮಾತು: ನೀರು ಕಡಿಮೆಯಾಗಿ ಕಿಡ್ನಿಗೆ ರಕ್ತ ಸಾಲದೆ ಹೋದಾಗ ಯೂರಿಯಾ ಹೆಚ್ಚು ಏರುತ್ತದೆ, ಕ್ರಿಯಾಟಿನಿನ್ ಅಷ್ಟು ಏರುವುದಿಲ್ಲ. ಎರಡರ ಅನುಪಾತ 20 ದಾಟಿದರೆ ನಿರ್ಜಲೀಕರಣ, 10-15ರ ಸುತ್ತ ಇದ್ದರೆ ಕಿಡ್ನಿಯದೇ ಕಾಯಿಲೆ. 98 ಭಾಗಿಸು 2.6, ಅಂದರೆ 37.7. ಇಪ್ಪತ್ತಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು! ಭಾವನ ಮುಂದೆ ಫೋನ್ ಹಿಡಿದು, ಕಿಡ್ನಿಗೇನೂ ಆಗಿಲ್ಲ, ಬರೀ ನೀರು ಕಡಿಮೆ ಎಂದೆ. ಅಷ್ಟು ಖಚಿತವಾಗಿ ನಾನು ತರಗತಿಯಲ್ಲೂ ಮಾತಾಡಿದವನಲ್ಲ.

ಒಂಬತ್ತಕ್ಕೆ ರೌಂಡ್ಸಿಗೆ ಬಂದ ಡಾಕ್ಟರಮ್ಮನಿಗೂ ಅದನ್ನೇ ಹೇಳಿದೆ. ಅವರ ಮಗ ನಮ್ಮ ಸ್ಕೂಲಿನಲ್ಲಿ ಓದಿದವನು, ಆ ಸಲಿಗೆ ಇತ್ತು. ಅವರು ನಗಲಿಲ್ಲ. ‘ಮೇಷ್ಟ್ರೇ, ಮೇಲೆ ಯಾವುದನ್ನ ಇಟ್ಟು ಭಾಗಿಸಿದ್ರಿ?’ ಎಂದು ಕೇಳಿದರು.

‘ಯೂರಿಯಾ.’

‘ನೀವು ಓದಿದ್ದರಲ್ಲಿ ಯೂರಿಯಾ ಅಂತ ಇತ್ತಾ, ಬಿ.ಯು.ಎನ್. ಅಂತ ಇತ್ತಾ?’

ತೆಗೆದು ನೋಡಿದೆ. ನಾಲ್ಕೂ ಕಡೆ ಬಿ.ಯು.ಎನ್. ಅಂತಲೇ ಇತ್ತು. ಎರಡೂ ಒಂದೇ ಅಂದುಕೊಂಡು ಓದಿಕೊಂಡು ಹೋಗಿದ್ದೆ. ಬಿ.ಯು.ಎನ್. ಅಂದರೆ ಬ್ಲಡ್ ಯೂರಿಯಾ ನೈಟ್ರೋಜನ್. ಅಮೆರಿಕದವರು ರಕ್ತದಲ್ಲಿರುವ ಯೂರಿಯಾದ ಪೂರ್ತಿ ತೂಕ ಬರೆಯುವುದಿಲ್ಲ, ಅದರೊಳಗಿನ ನೈಟ್ರೋಜನ್ನಿನ ತೂಕವನ್ನಷ್ಟೇ ಬರೆಯುತ್ತಾರೆ. ನಮ್ಮ ಕಡೆಯ ಲ್ಯಾಬುಗಳು ಹೆಚ್ಚಾಗಿ ಬರೆಯುವುದು ಪೂರ್ತಿ ಯೂರಿಯಾ. ಯೂರಿಯಾದ ಅಣುತೂಕ 60, ಅದರಲ್ಲಿರುವ ಎರಡು ನೈಟ್ರೋಜನ್ ಪರಮಾಣುಗಳದ್ದು 28. ಅಂದಮೇಲೆ ನಮ್ಮ ಸಂಖ್ಯೆ ಅವರದಕ್ಕಿಂತ 60/28, ಅಂದರೆ 2.14 ಪಟ್ಟು ದೊಡ್ಡದು. ಹತ್ತನೇ ಕ್ಲಾಸಿನ ಹುಡುಗರಿಗೆ ಕೊಡಬಹುದಾದ ಲೆಕ್ಕ. ಹೊಲಕ್ಕೆ ಯೂರಿಯಾ ಚೀಲ ತರುವವರಿಗೂ ಗೊತ್ತು, ಚೀಲದ ಮೇಲೆ ಸಾರಜನಕ ಶೇ. 46 ಎಂದು ಬರೆದಿರುತ್ತದೆ. 28/60 ಅಂದರೆ ಅದೇ.

ಅಮ್ಮನ 98 ಯೂರಿಯಾ ಬಿ.ಯು.ಎನ್. ಲೆಕ್ಕದಲ್ಲಿ 45.8. ಅದನ್ನು 2.6ರಿಂದ ಭಾಗಿಸಿದರೆ 17.6. ಇಪ್ಪತ್ತು ದಾಟಲಿಲ್ಲ. ಹದಿನೈದರ ಕೆಳಗೂ ಇಲ್ಲ. ಬೇರೆ ಥರ ಹೇಳುವುದಾದರೆ, ಪುಸ್ತಕದ 20 ನಮ್ಮ ರಿಪೋರ್ಟಿನಲ್ಲಿ ಸುಮಾರು 43 ಆಗಬೇಕಿತ್ತು. ನಮ್ಮದು 38.

ಅರ್ಧ ಗಂಟೆಯ ಹಿಂದಿನ ನನ್ನ ಧೈರ್ಯ ಇಳಿದುಹೋಯಿತು. ಅದನ್ನು ಇನ್ನಷ್ಟು ಕೆಡಿಸಿದವಳು ಅಕ್ಕನ ಮಗಳು. ಇಂಗ್ಲೆಂಡಿನಲ್ಲಿ ನರ್ಸ್. ಅವಳಿಗೆ ವಾಟ್ಸಾಪಿನಲ್ಲಿ ರಿಪೋರ್ಟ್ ಕಳಿಸಿದ್ದೆ. ‘ಮಾಮ, ನಮ್ಮಲ್ಲಿ ನೂರು ದಾಟಿದ್ರೆ ಡೀಹೈಡ್ರೇಶನ್ ಅಂತಾರೆ. ಅಜ್ಜಿದು 71 ಬರ್ತಿದೆ’ ಎಂದು ಉತ್ತರಿಸಿದಳು. ಅಲ್ಲಿ ಮಿಲಿಗ್ರಾಂ ಇಲ್ಲ, ಮಿಲಿಮೋಲ್. ಒಂದೇ ತೋಳಿನಿಂದ ತೆಗೆದ ಒಂದೇ ಸಿರಿಂಜ್ ರಕ್ತಕ್ಕೆ 38, 18, 71 ಎಂದು ಮೂರು ಅನುಪಾತ. ಮೂರೂ ಸರಿ. ಯಾವ ದೇಶದ ಅಳತೆ ಎಂದು ಗೊತ್ತಿಲ್ಲದೆ ಗಡಿಯ ಸಂಖ್ಯೆಯನ್ನು ಮಾತ್ರ ಎರವಲು ತಂದರೆ ನನ್ನ ಹಾಗೆ ಆಗುತ್ತದೆ.

‘ಹಾಗಾದ್ರೆ ಕಿಡ್ನಿ ಕಾಯಿಲೇನಾ ಮೇಡಂ?’ ಎಂದೆ.

‘ಹಾಗೂ ಹೇಳಕ್ಕಾಗಲ್ಲ. ಕೂತ್ಕೊಳ್ಳಿ’ ಎಂದು ಕೇಸ್ ಶೀಟಿನ ಹಿಂಭಾಗಕ್ಕೆ ಒಂದು ಜರಡಿ, ಅದರ ಕೆಳಗೆ ಉದ್ದನೆಯ ಕೊಳವೆಯ ಚಿತ್ರ ಬರೆದರು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಕಿಡ್ನಿ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ರಕ್ತವನ್ನು ಸೋಸಿ, ನೀರು, ಉಪ್ಪು, ಯೂರಿಯಾ, ಕ್ರಿಯಾಟಿನಿನ್ ಎಲ್ಲವನ್ನೂ ಕೊಳವೆಗೆ ಬಿಡುತ್ತದೆ. ಆಮೇಲೆ ಕೊಳವೆಯ ಉದ್ದಕ್ಕೂ ಬೇಕಾದ್ದನ್ನು ವಾಪಸು ಎಳೆದುಕೊಳ್ಳುತ್ತದೆ. ಮೈಯಲ್ಲಿ ನೀರು ಸಾಲದಿದ್ದಾಗ ಈ ಎರಡನೇ ಕೆಲಸ ಜೋರಾಗುತ್ತದೆ, ಒಂದು ಹನಿ ನೀರನ್ನೂ ಬಿಡಬೇಡ ಎಂದು ಮೆದುಳಿನಿಂದ ಹಾರ್ಮೋನಿನ ಅಪ್ಪಣೆ ಬರುತ್ತದೆ. ಯೂರಿಯಾ ಪುಟ್ಟ ಅಣು. ನೀರು ಹಿಂದಕ್ಕೆ ಹೋದಂತೆ ಅದೂ ಜೊತೆಯಲ್ಲಿ ರಕ್ತಕ್ಕೆ ಮರಳುತ್ತದೆ. ಕ್ರಿಯಾಟಿನಿನ್ ಹಾಗೆ ಮರಳುವುದಿಲ್ಲ, ಕೊಳವೆಗೆ ಬಿದ್ದದ್ದು ಮೂತ್ರದ ಜೊತೆ ಹೊರಗೇ. ಆದ್ದರಿಂದ ಬರೀ ನೀರಿನ ಕೊರತೆಯಾದರೆ ಯೂರಿಯಾ ಮುಂದೆ ಓಡುತ್ತದೆ, ಕ್ರಿಯಾಟಿನಿನ್ ಹಿಂದೆ ಉಳಿಯುತ್ತದೆ, ಅನುಪಾತ ದೊಡ್ಡದಾಗುತ್ತದೆ. ಜರಡಿಯೇ ಕೆಟ್ಟಿದ್ದರೆ ಎರಡೂ ಸೋಸಿಹೋಗದೆ ಒಟ್ಟಿಗೇ ಏರುತ್ತವೆ, ಅನುಪಾತ ಮೊದಲಿನಷ್ಟೇ ಇರುತ್ತದೆ. ಕೊಳವೆ ಕೆಟ್ಟಿದ್ದರೆ ವಾಪಸು ಎಳೆಯುವ ಶಕ್ತಿಯೇ ಇರುವುದಿಲ್ಲ, ಆಗಲೂ ಅನುಪಾತ ಏರದು.

ಇಷ್ಟು ಅಚ್ಚುಕಟ್ಟಾಗಿ ಇರುವಾಗ ಅಮ್ಮನದು ಯಾಕೆ ನಡುವೆ ಸಿಕ್ಕಿಹಾಕಿಕೊಂಡಿತು? ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ ಅಮ್ಮ ಏನು ತಿಂದಿದ್ದಳು ಎಂಬುದು. ಎರಡು ದಿನ ಗಂಜಿಯ ತಿಳಿ. ಯೂರಿಯಾ ಆಗುವುದು ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸದ ಪ್ರೋಟೀನಿನಿಂದ, ಲಿವರಿನಲ್ಲಿ. ತಿನ್ನದವರಲ್ಲಿ ಯೂರಿಯಾ ತಯಾರಾಗುವುದೇ ಕಡಿಮೆ, ಎಷ್ಟು ವಾಪಸು ಎಳೆದರೂ ಸಂಖ್ಯೆ ಎತ್ತರಕ್ಕೆ ಹೋಗದು. ಕ್ರಿಯಾಟಿನಿನ್ ಬರುವುದು ನಮ್ಮ ಮಾಂಸಖಂಡದಿಂದ, ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ. ಇದು ಎರಡೂ ಕಡೆ ಆಟವಾಡುತ್ತದೆ. ಬಡಕಲು ಮುದುಕರಲ್ಲಿ ಮಾಂಸಖಂಡ ಕಡಿಮೆ, ಕ್ರಿಯಾಟಿನಿನ್ನೂ ಕಡಿಮೆ, ಅದರಿಂದ ಕಿಡ್ನಿ ಕೆಟ್ಟಿದ್ದರೂ ಅನುಪಾತ ದೊಡ್ಡದಾಗಿ ಕಾಣಬಹುದು. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿದ್ದರಂತೂ ಆ ರಕ್ತವೇ ಪ್ರೋಟೀನು, ಅದು ಜೀರ್ಣವಾಗಿ ಯೂರಿಯಾ ಏರುತ್ತದೆ. ಅದಕ್ಕೇ ಅವರು ಮಲ ಕಪ್ಪಗಿತ್ತೇ ಎಂದು ಎರಡು ಸಲ ಕೇಳಿದರು. ಇರಲಿಲ್ಲ.

ಎರಡನೇ ಪ್ರಶ್ನೆ ಮಾತ್ರೆಗಳದ್ದು. ಜೇಬಿನಿಂದ ತೆಗೆದು ತೋರಿಸಿದೆ. ಬಿ.ಪಿ. ಮಾತ್ರೆ, ನೋವಿನ ಮಾತ್ರೆ. ಅವರು ಎರಡೂ ಸ್ಟ್ರಿಪ್ ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಜರಡಿಗೆ ರಕ್ತ ಒಳಬರುವ ಬಾಯಿ ಒಂದು, ಹೊರಹೋಗುವ ಬಾಯಿ ಒಂದು. ಬೇಧಿಯಾಗಿ ರಕ್ತದ ಒತ್ತಡ ಇಳಿದಾಗ ಕಿಡ್ನಿ ಉಪಾಯ ಮಾಡುತ್ತದೆ. ಒಳಬಾಯಿಯನ್ನು ಅಗಲಿಸಿ, ಹೊರಬಾಯಿಯನ್ನು ಕಿರಿದು ಮಾಡಿಕೊಂಡು, ನಡುವಿನ ಒತ್ತಡವನ್ನು ಹೇಗೋ ಕಾಪಾಡಿಕೊಂಡು ಸೋಸುವುದನ್ನು ನಿಲ್ಲಿಸದೆ ಮುಂದುವರಿಸುತ್ತದೆ. ಟೆಲ್ಮಿಸಾರ್ಟಾನ್ ಹೊರಬಾಯಿಯನ್ನು ಕಿರಿದಾಗಲು ಬಿಡುವುದಿಲ್ಲ. ಡೈಕ್ಲೋಫೆನಾಕ್ ಒಳಬಾಯಿಯನ್ನು ಅಗಲವಾಗಲು ಬಿಡುವುದಿಲ್ಲ. ಥಯಾಜೈಡ್ ಇರುವ ಅಷ್ಟಿಷ್ಟು ನೀರನ್ನೂ ಉಪ್ಪನ್ನೂ ಮೂತ್ರಕ್ಕೆ ತಳ್ಳುತ್ತದೆ. ಮೂರೂ ಬೇರೆ ದಿನಗಳಲ್ಲಿ ಉಪಯೋಗದ ಔಷಧಿಗಳೇ. ಬೇಧಿಯ ದಿನ ಮೂರೂ ಒಟ್ಟಿಗೆ ಬಿದ್ದರೆ ಕಿಡ್ನಿಯ ಎರಡೂ ಕೈ ಕಟ್ಟಿ ನೀರಿಗೆ ದೂಡಿದ ಹಾಗೆ. ಸೋಸುವುದೇ ಕುಗ್ಗಿದ್ದರಿಂದ ಕ್ರಿಯಾಟಿನಿನ್ ಕೂಡ ಯೂರಿಯಾದ ಬೆನ್ನಿಗೇ ಏರಿತು. ‘ನೀವು ಕೊಟ್ಟಿದ್ದು ಅಂತ ಹೇಳ್ತಿಲ್ಲ ಮೇಷ್ಟ್ರೇ, ಯಾರೂ ನಿಮಗೆ ಹೇಳಿರಲ್ಲ’ ಎಂದರು. ಕೊಟ್ಟವನು ನಾನೇ ಆಗಿದ್ದೆ.

ಎರಡೂ ಮಾತ್ರೆ ಅಲ್ಲಿಗೆ ಬಂದ್. ಇನ್ನು ಅನುಪಾತದ ಮೇಲೆ ಕೂತಿರುವುದಿಲ್ಲ ಎಂದು ಅವರು ಮೂರು ಕೆಲಸ ಹೇಳಿದರು. ಮೂತ್ರ ಹಿಡಿದು ಲ್ಯಾಬಿಗೆ ಕೊಡಬೇಕು. ಬೆಳಗಿನವರೆಗೆ ಎಷ್ಟು ಮೂತ್ರ ಆಗುತ್ತದೆ ಅಳೆಯಬೇಕು. ಮನೆಯಲ್ಲಿ ಹಳೆಯ ರಿಪೋರ್ಟ್ ಏನಾದರೂ ಇದ್ದರೆ ಎಷ್ಟು ಹೊತ್ತಾದರೂ ಸರಿ ತರಬೇಕು.

ಮೂತ್ರ ಹಿಡಿಯಲು ಹತ್ತೂವರೆ ಆಯಿತು. ಕಾಫಿ ಡಿಕಾಕ್ಷನ್ನಿಗೆ ನೀರು ಬೆರೆಸಿದ ಬಣ್ಣ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲೇ ಸ್ಪೆಸಿಫಿಕ್ ಗ್ರಾವಿಟಿ ಎಂದೊಂದು ಸಾಲು ಇರುತ್ತದೆ, ನಾವು ಯಾರೂ ಓದದ ಸಾಲು. ಅಮ್ಮನದು 1.025. ಅಂದರೆ ಗಟ್ಟಿ ಮೂತ್ರ, ಕೊಳವೆಗಳು ಇನ್ನೂ ನೀರನ್ನು ಹಿಂಡಿ ತೆಗೆದುಕೊಳ್ಳುತ್ತಿವೆ. ಕೊಳವೆಗಳೇ ಸತ್ತಿದ್ದರೆ ಅಥವಾ ಕಿಡ್ನಿ ಬಹಳ ದಿನದಿಂದ ಕೆಟ್ಟಿದ್ದರೆ ಅದು ಮೈಯಲ್ಲಿ ಎಷ್ಟೇ ನೀರಿನ ಬರವಿರಲಿ 1.010ರ ಹತ್ತಿರವೇ ನಿಂತುಬಿಡುತ್ತದೆ. ಮೂತ್ರದ ಸೋಡಿಯಂ ಕೂಡ ನೋಡುತ್ತಾರಂತೆ. ನೀರಿಗಾಗಿ ಒದ್ದಾಡುವ ಕಿಡ್ನಿ ಉಪ್ಪನ್ನು ಬಿಡುವುದಿಲ್ಲ, ಅದು 20ರ ಕೆಳಗೆ ಇಳಿಯುತ್ತದೆ. ಆದರೆ ಥಯಾಜೈಡ್ ಹೊಟ್ಟೆಯಲ್ಲಿರುವಾಗ ಅದು ಬಲವಂತವಾಗಿ ಉಪ್ಪನ್ನು ಹೊರಹಾಕುವುದರಿಂದ ಆ ಸಂಖ್ಯೆಯನ್ನು ನಂಬಲಾಗದು ಎಂದು ಡಾಕ್ಟರಮ್ಮ ಅದನ್ನು ಬರೆಯಲೇ ಇಲ್ಲ.

ಡ್ರಿಪ್ಪನ್ನು ನಮ್ಮ ಕಡೆ ಎಲ್ಲರೂ ಗ್ಲೂಕೋಸ್ ಎನ್ನುತ್ತಾರೆ. ಇದು ಗ್ಲೂಕೋಸ್ ಅಲ್ಲ, ಆರ್.ಎಲ್., ಉಪ್ಪಿನ ನೀರು. ಮೊದಲ ಲೀಟರ್ ಒಂದೂವರೆ ಗಂಟೆಯಲ್ಲಿ ಓಡಿತು, ಎರಡನೆಯದು ನಿಧಾನಕ್ಕೆ. ನಡುನಡುವೆ ನರ್ಸ್ ಬಂದು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದಳು, ಶ್ವಾಸಕೋಶಕ್ಕೆ ನೀರು ಇಳಿಯುತ್ತಿಲ್ಲ ತಾನೇ ಎಂದು. ನನ್ನ ಕೈಗೆ ಗೆರೆ ಹಾಕಿದ ಪ್ಲಾಸ್ಟಿಕ್ ಮಗ್ಗು ಕೊಟ್ಟರು. ಕೆ.ಜಿ.ಗೆ ಗಂಟೆಗೆ ಅರ್ಧ ಎಂ.ಎಲ್. ಮೂತ್ರವಾದರೂ ಬರಬೇಕು. 52 ಕೆ.ಜಿ.ಗೆ 26. ಮೊದಲ ನಾಲ್ಕು ಗಂಟೆಯಲ್ಲಿ ಬಂದದ್ದು ಒಟ್ಟು 70, ಅಂದರೆ ಗಂಟೆಗೆ 17-18. ಸ್ಟಾಫ್ ರೂಮಿನ ಡೈರಿಯ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಎರಡು ಗಂಟೆಯಿಂದ ಐದರವರೆಗೆ 150. ಮಗ್ಗನ್ನು ದೀಪಕ್ಕೆ ಹಿಡಿದು ಗೆರೆ ನೋಡುವಾಗ ಬಣ್ಣವೂ ತಿಳಿಯಾಗಿತ್ತು. ಮಗನ ಕೈಯಲ್ಲಿ ಇಂಥ ಕೆಲಸ ಮಾಡಿಸಿಕೊಳ್ಳಬೇಕಾಯ್ತಲ್ಲ ಎಂದು ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು.

ಬೆಳಿಗ್ಗೆ ನೆಂಟರು ಬರಲು ಶುರುವಾಯಿತು. ತಿಪಟೂರಿನಲ್ಲಿ ಕಾಯಿಲೆಯವರನ್ನು ನೋಡಲು ಬರುವವರ ಕೈಯಲ್ಲಿ ಏನಿರುತ್ತದೆ ಎಂದು ಹೇಳಬೇಕೆ? ಮಂಚದ ಕೆಳಗೆ ಎಂಟು ಎಳನೀರು ಸೇರಿದವು. ಡಾಕ್ಟರಮ್ಮ ಒಂದನ್ನೂ ಕೊಡಗೊಡಲಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಬೇಧಿಯಲ್ಲಿ ಕಳೆದುಹೋದ ಸೋಡಿಯಂ ಅದರಲ್ಲಿ ಬಹಳ ಕಡಿಮೆ. ಅಮ್ಮನ ಪೊಟ್ಯಾಸಿಯಂ ಆಗಲೇ 5.2, ಅದನ್ನು ಏರಿಸುವ ಟೆಲ್ಮಿಸಾರ್ಟಾನ್ ಇನ್ನೂ ಮೈಯಲ್ಲಿದೆ. ಕ್ರಿಯಾಟಿನಿನ್ ಏರಿರುವವರಲ್ಲಿ ಪೊಟ್ಯಾಸಿಯಂ ಇನ್ನೂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರು ತಂದವರಿಗೆ ಇದನ್ನು ವಿವರಿಸುವ ಹೊತ್ತಿಗೆ ನನಗೆ ಸಾಕುಸಾಕಾಯಿತು. ಕೊನೆಗೆ ಎಂಟನ್ನೂ ನಾವೇ ಕುಡಿದೆವು.

ಬುಧವಾರ ಬೆಳಿಗ್ಗೆಯ ರಿಪೋರ್ಟಿನಲ್ಲಿ ಯೂರಿಯಾ 82, ಕ್ರಿಯಾಟಿನಿನ್ 2.1. ಇಳಿದಿದೆ. ಅನುಪಾತ ಹಾಕಿದರೆ 39, ನಿನ್ನೆಯದಕ್ಕಿಂತ ಚೂರು ಹೆಚ್ಚೇ! ರೋಗಿ ಸುಧಾರಿಸುತ್ತಿರುವಾಗ ಅನುಪಾತ ಅಲ್ಲಾಡಲೇ ಇಲ್ಲ. ಆವತ್ತಿನಿಂದ ನಾನು ಭಾಗಿಸುವುದನ್ನು ಬಿಟ್ಟು, ಎರಡು ಸಂಖ್ಯೆಗಳನ್ನು ದಿನಾಂಕದ ಕೆಳಗೆ ಬೇರೆಬೇರೆಯಾಗಿಯೇ ಬರೆಯತೊಡಗಿದೆ.

ಅದೇ ಮಧ್ಯಾಹ್ನ ಪಕ್ಕದ ಮಂಚಕ್ಕೆ ಒಬ್ಬ ಹೆಂಗಸು ಬಂದರು. ನಲವತ್ತು ದಾಟಿರಬಹುದು, ಜೊತೆಯಲ್ಲಿ ಗಂಡ. ಹದಿನೈದು ದಿನದಿಂದ ವಾಂತಿ, ಗ್ಯಾಸ್ಟ್ರಿಕ್ ಎಂದು ಊರಲ್ಲಿ ಮಾತ್ರೆ ನುಂಗಿದ್ದಾರೆ. ಬೇಧಿ ಇಲ್ಲ. ನಾನು ಮನಸ್ಸಿನಲ್ಲೇ ಇವರಿಗೂ ನೀರು ಕಡಿಮೆಯಾಗಿದೆ ಎಂದುಕೊಂಡೆ. ಆದರೆ ಮುಖ ಊದಿತ್ತು. ನರ್ಸ್ ಕೂಗಿ ಹೇಳಿದ ಬಿ.ಪಿ. 180/110. ಸಂಜೆ ಗಂಡ ನನ್ನ ಕೈಗೆ ರಿಪೋರ್ಟ್ ಕೊಟ್ಟು, ‘ಓದಿ ಹೇಳಿ ಸಾರ್’ ಎಂದರು. ಯೂರಿಯಾ 186, ಕ್ರಿಯಾಟಿನಿನ್ 9.8, ಹಿಮೋಗ್ಲೋಬಿನ್ 7.4. ನಾನು ಏನೂ ಹೇಳದೆ ಡಾಕ್ಟರನ್ನು ಕೇಳಿ ಎಂದೆ.

ಕೈ ಸುಮ್ಮನಿರಲಿಲ್ಲ, ಭಾಗಿಸಿದೆ. 19. ಅಮೆರಿಕದ ಲೆಕ್ಕದಲ್ಲಿ 9ರ ಹತ್ತಿರ. ಇಲ್ಲಿ ಅನುಪಾತ ಪುಸ್ತಕದ ಮಾತನ್ನು ಕೇಳಿತ್ತು. ಆದರೆ ಇವರ ಕಾಯಿಲೆ ಹೇಳಲು ಅನುಪಾತ ಬೇಕಾಗಿಯೇ ಇರಲಿಲ್ಲ. ವಾಂತಿಯಿಂದ ಕಿಡ್ನಿಗೆ ತೊಂದರೆಯಾದದ್ದಲ್ಲ, ಕಿಡ್ನಿ ಸೋತು ಕಲ್ಮಷ ರಕ್ತದಲ್ಲಿ ನಿಂತಿದ್ದರಿಂದಲೇ ವಾಂತಿ. ನೀರು ಕಳೆದುಕೊಂಡವರ ಬಿ.ಪಿ. ಇಳಿದಿರುತ್ತದೆ, ಇವರದು ಏರಿತ್ತು. ನೀರು ಕಳೆದುಕೊಂಡವರ ರಕ್ತ ಗಟ್ಟಿಯಾಗಿ ಹಿಮೋಗ್ಲೋಬಿನ್ ಏರಿದ ಹಾಗೆ ಕಾಣುತ್ತದೆ. ಇವರದು 7.4, ಬಹಳ ಕಾಲದಿಂದ ಕಿಡ್ನಿ ಸೋತಿದ್ದರ ಗುರುತು. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ ಮುದುಡಿದ್ದವು. ವಾಂತಿ ಎಂದ ಕೂಡಲೇ ಅಮ್ಮನಿಗೆ ಹಾಕಿದ ಹಾಗೆ ಎರಡು ಲೀಟರ್ ಹರಿಸಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ರಾತ್ರಿಯೇ ಅವರನ್ನು ಡಯಾಲಿಸಿಸ್‌ಗೆ ತುಮಕೂರಿಗೆ ಕಳಿಸಿದರು. ಗಂಡ ಹೋಗುವಾಗ ನಮ್ಮ ಟಾರ್ಚ್ ಕೇಳಿ ತೆಗೆದುಕೊಂಡು ಹೋದರು, ಆಂಬುಲೆನ್ಸ್ ಗೇಟಿನ ಆಚೆ ಕತ್ತಲಲ್ಲಿ ನಿಂತಿತ್ತು.

ಗುರುವಾರ ಅಮ್ಮನ ಯೂರಿಯಾ 54, ಕ್ರಿಯಾಟಿನಿನ್ 1.6. ಬೇಧಿ ನಿಂತಿತ್ತು, ಇಡ್ಲಿ ತಿಂದಳು. ಹಿಮೋಗ್ಲೋಬಿನ್ 13.4 ಇದ್ದದ್ದು 11.0ಕ್ಕೆ ಬಂದಿತ್ತು. ರಕ್ತ ಎಲ್ಲಿ ಹೋಯಿತು ಎಂದು ಭಾವ ಗಾಬರಿಯಾದರು. ಎಲ್ಲೂ ಹೋಗಿರಲಿಲ್ಲ. ಮಂಗಳವಾರದ ರಕ್ತ ಬತ್ತಿದ ಸಾರಿನ ಹಾಗಿತ್ತು, ನೀರು ಸೇರಿದ ಮೇಲೆ ಅದರ ನಿಜವಾದ ಅಳತೆ ಕಂಡಿತ್ತು. ನೀರು ಕೊಟ್ಟು ಎರಡು ಮೂರು ದಿನದಲ್ಲಿ ಕ್ರಿಯಾಟಿನಿನ್ ಹೀಗೆ ಇಳಿಯತೊಡಗಿದರೆ, ಏರಿಕೆಯ ದೊಡ್ಡ ಪಾಲು ನೀರಿನ ಕೊರತೆಯದ್ದು ಎಂದು ಅರ್ಥ. ಕೊರತೆ ಬಹಳ ಹೊತ್ತು ಮುಂದುವರಿದು ಕೊಳವೆಗಳಿಗೇ ಪೆಟ್ಟಾಗಿದ್ದರೆ, ಎಷ್ಟು ನೀರು ಕೊಟ್ಟರೂ ಸಂಖ್ಯೆ ಕೆಲವು ದಿನ ಏರುತ್ತಲೇ ಇದ್ದು ಆಮೇಲೆ ವಾರಗಟ್ಟಲೆ ತೆಗೆದುಕೊಂಡು ಇಳಿಯುತ್ತದೆ. ಮೊದಲನೆಯ ಸ್ಥಿತಿ ಎರಡನೆಯದಾಗಿ ಬದಲಾಗುವುದಕ್ಕೆ ನಡುವೆ ಗೋಡೆಯೇನಿಲ್ಲ. ಬುಧವಾರದವರೆಗೆ ಮನೆಯಲ್ಲೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ.

ಶನಿವಾರ ಮನೆಗೆ ಹೊರಡುವಾಗ 36 ಮತ್ತು 1.4. ನಾನು ಗೆದ್ದೆ ಎಂದುಕೊಂಡೆ. ಹಳೆಯ ರಿಪೋರ್ಟ್ ಅಷ್ಟು ದಿನ ಸಿಕ್ಕಿರಲಿಲ್ಲ. ಮನೆಗೆ ಬಂದಮೇಲೆ ನನ್ನ ಹೆಂಡತಿ ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಅದನ್ನು ಹುಡುಕಿದಳು. ಹದಿನಾಲ್ಕು ತಿಂಗಳ ಹಿಂದೆ ಕಣ್ಣಿನ ಪೊರೆ ಆಪರೇಷನ್ನಿಗೆ ಮುಂಚೆ ಮಾಡಿಸಿದ್ದು. ಯೂರಿಯಾ 34, ಕ್ರಿಯಾಟಿನಿನ್ 1.2. ಪಕ್ಕದಲ್ಲಿ ನಾರ್ಮಲ್ 0.6-1.2 ಎಂದು ಅಚ್ಚಾಗಿತ್ತು. ಎಚ್ ಇಲ್ಲ, ದಪ್ಪಕ್ಷರ ಇಲ್ಲ. ಅನುಪಾತ 28, ಅದೂ ಸಹಜವೇ. ಖುಷಿಯಿಂದ ಡಾಕ್ಟರಮ್ಮನಿಗೆ ಫೋಟೋ ಕಳಿಸಿದೆ.

ಸೋಮವಾರ ಕರೆದರು. ಮೇಜಿನ ಮೇಲೆ ಫೋನಿಟ್ಟು ಇ.ಜಿ.ಎಫ್.ಆರ್. ಲೆಕ್ಕ ಹಾಕಿ ತೋರಿಸಿದರು. ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಹಾಕಿದರೆ ಜರಡಿ ನಿಮಿಷಕ್ಕೆ ಎಷ್ಟು ಎಂ.ಎಲ್. ಸೋಸುತ್ತಿದೆ ಎಂಬ ಅಂದಾಜು ಬರುತ್ತದೆ. ಮೂವತ್ತರ ಗಟ್ಟಿಮುಟ್ಟಾದ ಗಂಡಸಿಗೆ 1.2 ಏನೂ ಅಲ್ಲ. 65ರ ಹೆಂಗಸಿಗೆ ಅದೇ 1.2 ಅಂದರೆ ಸುಮಾರು 50. ಮೂರು ತಿಂಗಳಿಗಿಂತ ಹೆಚ್ಚು ಕಾಲ 60ರ ಕೆಳಗೆ ಇದ್ದರೆ ಅದಕ್ಕೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದೇ ಹೆಸರು. ಹದಿನಾಲ್ಕು ತಿಂಗಳ ಹಿಂದೆ ನಾರ್ಮಲ್ ಎಂದು ಮಡಿಸಿಟ್ಟ ಕಾಗದದಲ್ಲೇ ಅದು ಇತ್ತು.

‘ಅವತ್ತು ರಾತ್ರಿ ನೀವು ಕೇಳಿದ್ರಲ್ಲ, ನೀರು ಕಡಿಮೆಯೋ ಕಿಡ್ನಿ ಕಾಯಿಲೆಯೋ ಅಂತ. ಎರಡೂ ಮೇಷ್ಟ್ರೇ’ ಎಂದರು. ಮೊದಲೇ ಅರ್ಧ ಶಕ್ತಿಯಲ್ಲಿ ನಡೆಯುತ್ತಿದ್ದ ಕಿಡ್ನಿ, ಅದರ ಮೇಲೆ ಬೇಧಿ, ಅದರ ಮೇಲೆ ಮಾತ್ರೆಗಳು. ಎರಡು ಕಾಯಿಲೆ ಒಂದರ ಮೇಲೊಂದು ಕೂತಿರುವಾಗ 38 ಎಂಬ ಒಂದು ಸಂಖ್ಯೆ ಯಾವುದರ ಹೆಸರು ಹೇಳಬೇಕು? ಸ್ಕ್ಯಾನಿನಲ್ಲಿ ಕಿಡ್ನಿಗಳು 8.6 ಮತ್ತು 8.8 ಸೆಂಟಿಮೀಟರ್, ಸ್ವಲ್ಪ ಚಿಕ್ಕವು. ಮುದುಡಿಲ್ಲ. ಒಂಬತ್ತು ವರ್ಷದ ಬಿ.ಪಿ.ಯ ಕೆಲಸ ಇರಬಹುದು ಎಂದರು.

ಬಿ.ಪಿ. ಏರಿದ್ದರಿಂದ ಎರಡನೇ ವಾರದಲ್ಲಿ ಟೆಲ್ಮಿಸಾರ್ಟಾನ್ ಮತ್ತೆ ಶುರು ಮಾಡಿದರು. ನನಗೆ ಅಚ್ಚರಿಯಾಯಿತು, ಅದೇ ಅಲ್ಲವೇ ವಿಲನ್? ಅಲ್ಲವಂತೆ. ಮಾಮೂಲಿ ದಿನಗಳಲ್ಲಿ ಬಿ.ಪಿ.ಯ ಏಟಿನಿಂದ ಕಿಡ್ನಿಯನ್ನು ಕಾಯುವುದೂ ಅದೇ. ಥಯಾಜೈಡ್ ಮಾತ್ರ ತೆಗೆದರು, ನೋವಿನ ಮಾತ್ರೆ ಇನ್ನು ಮನೆಗೇ ತರಬಾರದು ಎಂದರು. ಮತ್ತೆ ವಾಂತಿಬೇಧಿ ಶುರುವಾಗಿ ನೀರು ನಿಲ್ಲದಿದ್ದರೆ ಅವತ್ತೇ ಫೋನ್ ಮಾಡಿ ಟೆಲ್ಮಿಸಾರ್ಟಾನ್ ನಿಲ್ಲಿಸುವುದೋ ಬೇಡವೋ ಕೇಳಬೇಕು. ಊಟ ಸೇರತೊಡಗಿ, ಮೂತ್ರ ಸರಿಯಾಗಿ ಒಂದೆರಡು ದಿನವಾದ ಮೇಲೆ ಮತ್ತೆ ಶುರು ಮಾಡಬೇಕು. ನಿಲ್ಲಿಸಿದ್ದನ್ನು ಶುರು ಮಾಡಲು ಮರೆಯುವವರೇ ಹೆಚ್ಚು ಎಂದು ಚೀಟಿಯಲ್ಲಿ ಅಡಿಗೆರೆ ಎಳೆದರು.

ಮೂರು ತಿಂಗಳಿಗೆ ಮತ್ತೆ ರಕ್ತ ಕೊಟ್ಟೆವು. ಯೂರಿಯಾ 31, ಕ್ರಿಯಾಟಿನಿನ್ 1.2. ಎಲ್ಲ ರಿಪೋರ್ಟುಗಳನ್ನೂ ಒಂದು ಕವರಿಗೆ ಹಾಕಿ, ಮೇಲೆ ಮಾರ್ಕರಿನಲ್ಲಿ ದಿನಾಂಕ, ಎದುರಿಗೆ ಕ್ರಿಯಾಟಿನಿನ್ ಬರೆದು ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತುಹಾಕಿದೆ. 1.2, 2.6, 2.1, 1.6, 1.4, 1.2. ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು.

‘ಇದೇನು, ನನ್ನ ಮಾರ್ಕ್ಸ್ ಕಾರ್ಡೇನೋ?’

‘ಹೂಂ ಕಣಮ್ಮ.’

‘ಜಾಸ್ತಿ ಬಂದಾಗ ಎಲ್ಲಾರೂ ಅತ್ರಿ, ಕಮ್ಮಿ ಬಂದಾಗ ನಕ್ರಿ. ಎಂಥಾ ಸ್ಕೂಲಪ್ಪ ಇದು’ ಎಂದು ಅಡುಗೆಮನೆಗೆ ಹೋದಳು.